ಹಾಸ್ಟೆಲ್ ರೂಮಿನ ಕಾಫಿ ಪಂಡಿತ

ನಮ್ಮಣ್ಣನ ಮಗ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಓದುತ್ತಾನೆ. ಓದುತ್ತಾನೆ ಅನ್ನುವುದು ಅವರಪ್ಪನ ನಂಬಿಕೆ. ಬಿಸಿಯಾಗಿದ್ದರೆ ಕಾಫಿ, ಆರಿದರೆ ಪಾನಕ ಅಂತ ಮೆಸ್ಸಿನದ್ದನ್ನು ಎರಡು ವರ್ಷ ತಕರಾರಿಲ್ಲದೆ ಕುಡಿದ ಹುಡುಗ ಅವನು. ಸೀನಿಯರೊಬ್ಬ ರೂಮು ಖಾಲಿ ಮಾಡುವಾಗ ಒಂದು ಪ್ಲಾಸ್ಟಿಕ್ ಡ್ರಿಪ್ಪರ್ ಬಿಟ್ಟು ಹೋದ ನೋಡಿ, ಅಲ್ಲಿಂದ ಕೆಟ್ಟ.

ಡ್ರಿಪ್ಪರ್ ಅಂದರೆ ಹೆದರಬೇಡಿ. ಲೋಟದ ಮೇಲೆ ಕೂರುವ ಲಾಳಿಕೆ, ಅಷ್ಟೇ. ಒಳಗೆ ಕಾಗದದ ಫಿಲ್ಟರು, ಅದರಲ್ಲಿ ಪುಡಿ, ಮೇಲಿಂದ ಬಿಸಿನೀರು. ನೀರು ಕಾಯಿಸಲು ವಾರ್ಡನ್ನಿನ ಕಣ್ಣು ತಪ್ಪಿಸಿ ಮಂಚದ ಕೆಳಗಿಟ್ಟ ಕೆಟಲ್ ಇತ್ತು. ಆದರೆ ಅದರಲ್ಲಿ ಅಲ್ಲಿಯವರೆಗೆ ಬೆಂದದ್ದು ಬರೀ ಮ್ಯಾಗಿ. ಹೀಗಾಗಿ ಚೊಚ್ಚಲ ಕಾಫಿ ಮಸಾಲೆ ಘಮದೊಂದಿಗೆ ಅವತರಿಸಿತು. ನಿಂಬೆಹಣ್ಣು ಹಿಂಡಿದ ನೀರು ಕುದಿಸಿ ಚೆಲ್ಲಿದ ಮೇಲೆ ಕೆಟಲ್ ಮಡಿಯಾಯಿತು.

ಕಾಫಿ ಮಾತ್ರ ಸುಧಾರಿಸಲಿಲ್ಲ. ಮನೆಯಿಂದ ಅಮ್ಮ ಕಳಿಸಿದ ಚಿಕರಿ ಬೆರೆತ ಪುಡಿ ಹಾಕಿದರೆ ನೀರು ಇಳಿಯಲೇ ಒಲ್ಲದು. ಕಾಗದದಲ್ಲಿ ಕರಿ ಕೆಸರು. ಎಂಟು ಹತ್ತು ನಿಮಿಷ ತೊಟ್ಟಿಕ್ಕಿ ಸೇರಿದ್ದನ್ನು ಬಾಯಿಗಿಟ್ಟರೆ ಕಷಾಯದ ಕಹಿ. ನನಗೇ ಫೋನು ಬಂತು: "ಚಿಕ್ಕಪ್ಪ, ಡ್ರಿಪ್ಪರ್ ಕೆಟ್ಟಿದೆ."

"ತೂತಿರೋ ಪ್ಲಾಸ್ಟಿಕ್ಕು ಕೆಡೋದು ಹೇಗೋ? ನಿನ್ನ ಪುಡಿ ನೋಡ್ಕೋ" ಅಂದೆ. ಚಿಕರಿ ಒಂದು ಬೇರು. ಹುರಿದು ಪುಡಿ ಮಾಡಿದ್ದು ನೀರಿಗೆ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ. ಜತೆಗೆ ನಮ್ಮ ಫಿಲ್ಟರಿಗೆಂದು ನುಣ್ಣಗೆ ಬೀಸಿದ ಪುಡಿ. ಎರಡೂ ಸೇರಿ ಕಾಗದದ ಉಸಿರು ಕಟ್ಟಿಸುತ್ತವೆ. ಅಷ್ಟು ಹೊತ್ತು ನೀರಲ್ಲಿ ನೆನೆದ ಪುಡಿ ಒಳಗಿನ ಕಹಿಯನ್ನೂ ಬಿಟ್ಟುಕೊಡುತ್ತದೆ.

ಕಾಫಿಪುಡಿ ಅಂಗಡಿಗೆ ಹೋದ. "ಚಿಕರಿ ಎಷ್ಟು?" ಎಂದ ಅಂಗಡಿಯವರಿಗೆ "ಬೇಡವೇ ಬೇಡ, ಪ್ಲಾಂಟೇಶನ್ ಎ ಕೊಡಿ, ದಪ್ಪಗೆ ಬೀಸಿ" ಎಂದನಂತೆ. ಅವರು ಇವನ ಮುಖ ನೋಡಿ ಉಪ್ಪಿಟ್ಟು ರವೆಗಿಂತ ದಪ್ಪಗೆ ಬೀಸಿಕೊಟ್ಟರು. ಈಗ ಉಲ್ಟಾ ಕತೆ: ಸುರಿದ ನೀರು ಒಂದೇ ನಿಮಿಷಕ್ಕೆ ಲೋಟದಲ್ಲಿ. ತೆಳ್ಳಗೆ, ಹುಳ್ಳಗೆ. ಕಾಫಿಯಲ್ಲಿ ಹುಳಿ ಮೊದಲು ಇಳಿಯುತ್ತದೆ, ಸಿಹಿ ಆಮೇಲೆ, ಕಹಿ ಕೊನೆಗೆ. ನೀರು ಓಡಿಹೋದರೆ ಹುಳಿ, ನಿಂತುಬಿಟ್ಟರೆ ಕಹಿ. ಮತ್ತೆ ಅಂಗಡಿಗೆ ಹೋಗಿ, ಚಿರೋಟಿ ರವೆಗಿಂತ ದಪ್ಪ, ಉಪ್ಪಿಟ್ಟು ರವೆಗಿಂತ ಸಣ್ಣ ಎಂದು ಬೇಡಿಕೊಂಡ. ಎಂಜಿನಿಯರಿಂಗಿನಲ್ಲಿ ಇಷ್ಟು ಕರಾರುವಾಕ್ಕಾಗಿ ಅವನು ಏನನ್ನೂ ಅಳೆದ ದಾಖಲೆಯಿಲ್ಲ.

ತಕ್ಕಡಿ ಇಲ್ಲ. ಊಟದ ಚಮಚದಲ್ಲಿ ತಲೆ ಸವರಿದ ಮೂರು ಅಳತೆ, ಹೆಚ್ಚುಕಡಿಮೆ 15 ಗ್ರಾಂ. ನೀರು 240 ಮಿ.ಲೀ. ಮೊದಲು ಬರೀ ಕಾಗದಕ್ಕೆ ಬಿಸಿನೀರು ಹುಯ್ದು ಚೆಲ್ಲಬೇಕು, ಕಾಗದದ ವಾಸನೆ ಹೋಗುತ್ತದೆ, ಲಾಳಿಕೆಯೂ ಬಿಸಿಯಾಗುತ್ತದೆ. ಆಮೇಲೆ ಪುಡಿ ನೆನೆಯುವಷ್ಟೇ ನೀರು ಹಾಕಿ ಅರ್ಧ ನಿಮಿಷ ಸುಮ್ಮನಿರಬೇಕು. ಹುರಿದಾಗ ಬೀಜದೊಳಗೆ ಸೇರಿದ ಗಾಳಿ ಗುಳ್ಳೆಯಾಗಿ ಹೊರಟು ಪುಡಿ ಉಬ್ಬುತ್ತದೆ. ಉಬ್ಬದೆ ಮಲಗಿದರೆ ಪುಡಿ ಹಳತು. ಕೆಟಲ್ಲಿನ ಅಗಲ ಮೂತಿಯಿಂದ ನೀರು ದಬದಬ ಬಿದ್ದು ಪುಡಿಯಲ್ಲಿ ಗುಂಡಿ ತೋಡುತ್ತಿತ್ತು. ಚಮಚ ಬೋರಲಿಟ್ಟು ಅದರ ಬೆನ್ನ ಮೇಲೆ ಹುಯ್ದರೆ ಮೆತ್ತಗೆ ಇಳಿಯುತ್ತದೆ ಎಂಬುದು ಅವನ ಸ್ವಂತ ಸಂಶೋಧನೆ. ಒಟ್ಟು ಮೂರು ನಿಮಿಷ. ಹಾಲಿಲ್ಲ, ಸಕ್ಕರೆಯಿಲ್ಲ, ಆದರೂ ಕೊನೆಯಲ್ಲಿ ನಾಲಿಗೆಗೆ ಬೆಲ್ಲದಂಥ ಸಿಹಿ. ರೂಮ್‌ಮೇಟ್ ನಂಬದೆ ತಳ ಕೆದಕಿ ಸಕ್ಕರೆ ಹುಡುಕಿದನಂತೆ.

ಕಾಗದ ಮುಗಿದ ದಿನ ಮಾತ್ರ ಪಂಡಿತರು ಇತಿಹಾಸಕ್ಕೆ ಕೈ ಹಾಕಿದರು. 1908ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮೆಲಿಟ್ಟಾ ಬೆಂಟ್ಜ್ ಎಂಬ ಗೃಹಿಣಿ ಮಗನ ನೋಟ್‌ಬುಕ್ಕಿನ ಬ್ಲಾಟಿಂಗ್ ಪೇಪರನ್ನು ತೂತು ಕೊರೆದ ಹಿತ್ತಾಳೆ ಪಾತ್ರೆಯಲ್ಲಿಟ್ಟು ಕಾಫಿ ಸೋಸಿ, ಅದಕ್ಕೆ ಪೇಟೆಂಟನ್ನೂ ಪಡೆದಳು. "ನೋಡಿ ಚಿಕ್ಕಪ್ಪ, ನೋಟ್‌ಬುಕ್ಕು ಇರೋದೇ ಇದಕ್ಕೆ!"

ರಜೆಗೆ ಅರಸೀಕೆರೆಗೆ ಬಂದವನು ಅಜ್ಜಿಗೊಂದು ಲೋಟ ಮಾಡಿಕೊಟ್ಟ. ಅಜ್ಜಿ ಗುಟುಕರಿಸಿ, "ಚೆನ್ನಾಗಿದೆ ಮಗಾ, ಹಾಲು ಹಾಕು" ಅಂದರು. ಹಾಲು ಬಿದ್ದದ್ದೇ ಕಾಫಿ ಮಾಯ. ತೆಳು ಕಾಫಿ ಹಾಲಿಗೆ ಜಗ್ಗುವುದಿಲ್ಲ, ಅದಕ್ಕೆ ಗಟ್ಟಿ ಡಿಕಾಕ್ಷನ್ನೇ ಬೇಕು. ಸೋಲೊಪ್ಪದ ಹುಡುಗ ತನ್ನ ಪುಡಿಯನ್ನೇ ಅಜ್ಜಿಯ ಹಿತ್ತಾಳೆ ಫಿಲ್ಟರಿಗೆ ಸುರಿದು ನೀರು ಹುಯ್ದ. ಗಂಟೆಗಟ್ಟಲೆ ತೊಟ್ಟಿಕ್ಕಬೇಕಾದದ್ದು ಅಜ್ಜಿ ಹಾಲು ಒಲೆಗಿಡುವಷ್ಟರಲ್ಲಿ ಇಳಿದು ಮುಗಿದಿತ್ತು.

ಅಜ್ಜಿ ಮುಚ್ಚಳ ತೆಗೆದು ನೋಡಿ, "ಲೋ, ಇದು ಜರಡಿ ಅಲ್ಲ ಕಣೋ. ನಿನ್ನ ರವೆ ಎತ್ತಿಕೋ, ನನ್ನ ಪುಡಿ ಡಬ್ಬಿ ತಾ" ಅಂದರು.