ಕಾಲೆಳೆಯುವ ಹೊತ್ತು

ಮಳೆ ಹಿಂದೆ ಸರಿದು ಗದ್ದೆ ಒಣಗಿತೆಂದರೆ ಗುರುವಾಯನಕೆರೆಯ ಸುತ್ತಮುತ್ತ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳ ಬ್ಯಾನರುಗಳು ಏಳುತ್ತವೆ. ಎಲ್ಲದರಲ್ಲೂ ಸಮಯ ಸಂಜೆ 6. ಇದನ್ನು ಉದ್ಘಾಟಕರು ನಂಬುವುದಿಲ್ಲ, ಪ್ರೇಕ್ಷಕರು ನಂಬುವುದಿಲ್ಲ. ನಂಬುವವರು ದೂರದಿಂದ ಜೀಪು ಮಾಡಿಕೊಂಡು ಬಂದ ಹೊಸ ತಂಡದ ಹುಡುಗರು ಮಾತ್ರ. ಅವರು ಆರಕ್ಕೆ ಐದು ನಿಮಿಷ ಇರುವಾಗಲೇ ಚಡ್ಡಿ ಬನಿಯನ್ನಿನಲ್ಲಿ ಹುಲ್ಲಿನ ಮೇಲೆ ಕುಳಿತು, ಕಾಲು ಚಾಚಿ, ಹೆಬ್ಬೆರಳು ಹಿಡಿದು ಬಗ್ಗಿರುತ್ತಾರೆ. ಒಬ್ಬ ಬೆನ್ನು ಒತ್ತುತ್ತಾನೆ, ಇನ್ನೊಬ್ಬ ಎಣಿಸುತ್ತಾನೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಸನ್ಮಾನಕ್ಕೆ ಉತ್ತರ. ಅವರ ಪಂದ್ಯದ ಸೀಟಿ ಊದುವಾಗ ಹನ್ನೊಂದು ದಾಟಿರುತ್ತದೆ. ನಡುವೆ ಚರುಮುರಿ, ಎರಡು ಆಮ್ಲೆಟ್, ಹಿತವಾದ ಒಂದು ತೂಕಡಿಕೆ.

“ಮಾಸ್ಟ್ರೇ, ಹುಡುಗರು ಆಗಲೇ ಸ್ಟ್ರೆಚಿಂಗ್ ಮಾಡಿದ್ದಾರಲ್ಲ, ಇನ್ನೆಂತ ಬಾಕಿ?” ಎಂದು ನಾನೊಮ್ಮೆ ಪಕ್ಕದಲ್ಲಿದ್ದ ನಿವೃತ್ತ ಪಿ.ಟಿ. ಮಾಸ್ಟ್ರನ್ನು ಕೇಳಿದೆ. “ಅದು ಸಂಜೆಯದ್ದು ಮಾರಾಯ್ರೆ, ಅದರ ಬಿಸಿ ಸನ್ಮಾನದ ಹೊತ್ತಿಗೇ ಆರಿತು. ಅಲ್ಲದೆ ಅವರು ಮಾಡಿದ್ದು ಆಟ ಮುಗಿದ ಮೇಲೆ ಮಾಡುವುದು” ಎಂದರು. ಎರಡು ತಪ್ಪನ್ನು ಒಂದೇ ಉಸಿರಿಗೆ ಹೇಳಿ ಮುಗಿಸುವುದು ಅವರಿಗೆ ಶಾಲೆಯಿಂದಲೇ ಬಂದ ಅಭ್ಯಾಸ.

ಸ್ನಾಯುವನ್ನು ಎಳೆಯುವುದರಲ್ಲಿ ಎರಡು ಬಗೆ. ಒಂದು ಭಂಗಿಗೆ ಹೋಗಿ, ಬಿಗಿತ ಸಿಕ್ಕಿದಲ್ಲಿ ನಿಂತು, ಅಲುಗದೆ ಹಿಡಿದುಕೊಂಡರೆ ಸ್ಟ್ಯಾಟಿಕ್. ಕೈಕಾಲು ಚಲಿಸುತ್ತಲೇ, ಬೀಸುತ್ತಲೇ, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ದೂರ ಹೋಗಿ ಬಂದರೆ ಡೈನಮಿಕ್. ನಮ್ಮಲ್ಲಿಂದ ಮೂಡುಬಿದಿರೆಗೆ ಹೋಗುವ ದಾರಿಯ ವೇಣೂರಿನಲ್ಲಿ ಎರಡರ ಮಾದರಿಯೂ ಇದೆ ಎಂದು ನನಗೆ ಆಗಾಗ ಅನಿಸುವುದುಂಟು. 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ ಬಾಹುಬಲಿ ಬಳ್ಳಿ ಹಬ್ಬಿದರೂ ಅಲುಗದೆ ನಿಂತಿದ್ದಾನೆ. ಅದೇ ಊರಿನ ಪೆರ್ಮುಡದ ಸೂರ್ಯ-ಚಂದ್ರ ಜೋಡುಕರೆಯಲ್ಲಿ ಕಂಬಳದ ಓಟಗಾರರು ನಿಂತಲ್ಲಿ ನಿಲ್ಲದೆ ಕೋಣಗಳ ಹಿಂದೆ ಹಾರುತ್ತಾರೆ. ಬಾಹುಬಲಿ ಯಾವ ಪಂದ್ಯಕ್ಕೂ ತಯಾರಾಗುತ್ತಿರಲಿಲ್ಲ, ಯುದ್ಧ ಮುಗಿಸಿ ನಿಂತವನು. ಹಾಗಾಗಿ ಅವನ ಕ್ರಮ ಸರಿಯಾಗಿಯೇ ಇದೆ.

ಹುಡುಗರು ಹೆಬ್ಬೆರಳು ಹಿಡಿದು ಕುಳಿತರೆ ಏನು ನಷ್ಟ? ಸ್ನಾಯುವನ್ನು ತುಂಬ ಹೊತ್ತು ಎಳೆದು ಹಿಡಿದರೆ ಅದಕ್ಕೆ ಬರುವ ನರದ ಆಜ್ಞೆ ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ. ಸ್ನಾಯುವೂ ಅದನ್ನು ಮೂಳೆಗೆ ಕಟ್ಟಿದ ಸ್ನಾಯುರಜ್ಜುವೂ ಸಡಿಲಾಗಿ, ಚಿಮ್ಮುವ ಬಲ ತುಸು ತಡವಾಗಿ ತಲುಪುತ್ತದೆ. ಈ ವಿಷಯದ ಅಧ್ಯಯನಗಳನ್ನೆಲ್ಲ ಕೆನಡಾದ ಡೇವಿಡ್ ಬೆಮ್ ಮತ್ತು ಸಂಗಡಿಗರು 2016ರಲ್ಲಿ ಒಟ್ಟುಗೂಡಿಸಿ ನೋಡಿದರು. ಒಂದು ಸ್ನಾಯುವನ್ನು ಒಟ್ಟು 60 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ, ಕೂಡಲೇ ಮಾಡುವ ಬಲ-ಓಟ-ನೆಗೆತದ ಪರೀಕ್ಷೆಗಳಲ್ಲಿ ಸರಾಸರಿ ಶೇ. 4.6ರಷ್ಟು ಇಳಿಕೆ. ಅದಕ್ಕಿಂತ ಕಡಿಮೆ ಹಿಡಿದರೆ ಇಳಿಕೆ ಶೇ. 1ರ ಆಸುಪಾಸು. ಡೈನಮಿಕ್ ಮಾಡಿದವರಿಗೆ ಶೇ. 1.3ರಷ್ಟು ಏರಿಕೆ. ಬಸ್ಸು ಹಿಡಿಯಲು ಓಡುವವನಿಗೆ ಈ ಲೆಕ್ಕ ಬೇಡ. ಅಂಕಣದ ನಡುಗೆರೆಗೆ ಒಂದು ಗೇಣು ಉಳಿದಿರುವಾಗ ಪಾದ ಹಿಡಿಸಿಕೊಂಡ ರೈಡರನಿಗೆ ಬೇಕು.

ಅವನ ಕೆಲಸವೇ ಅಂಥದ್ದು. ಮೂವತ್ತು ಸೆಕೆಂಡಿನ ರೈಡಿನಲ್ಲಿ ಅಡ್ಡಡ್ಡ ಸರಿಯಬೇಕು, ಒಂದು ಕಾಲಿನ ಮೇಲೆ ಕುಳಿತು ಇನ್ನೊಂದನ್ನು ಬೋನಸ್ ಗೆರೆಯಾಚೆ ಚಾಚಬೇಕು, ಮರುಕ್ಷಣ ತಿರುಗಿ ನೆಗೆಯಬೇಕು. ಇದರಲ್ಲಿ ಮೊದಲು ಪೆಟ್ಟು ತಿನ್ನುವುದು ತೊಡೆಯ ಒಳಭಾಗ. ಮಾಸ್ಟ್ರು ತಮ್ಮ ಹುಡುಗರಿಗೆ ಹೇಳಿಕೊಡುತ್ತಿದ್ದ ಕ್ರಮ ಹೀಗೆ: ಮೊದಲು ಐದು ನಿಮಿಷ ಮೈದಾನ ಸುತ್ತಿ ನಿಧಾನದ ಓಟ, ಹಣೆಯಲ್ಲಿ ಬೆವರು ಒಸರುವ ತನಕ. ತಣ್ಣಗಿರುವ ಸ್ನಾಯುವನ್ನು ಎಳೆಯುವ ಯಾವ ಬಗೆಯೂ ಮೊದಲ ಕೆಲಸವಲ್ಲ. ಆಮೇಲೆ ಗೆಳೆಯನ ಭುಜ ಹಿಡಿದು ಕಾಲನ್ನು ಹಿಂದೆ ಮುಂದೆ ಹತ್ತು ಸಲ, ಎಡಕ್ಕೆ ಬಲಕ್ಕೆ ಹತ್ತು ಸಲ ಬೀಸುವುದು. ಮೊದಲ ಬೀಸು ಮೊಣಕಾಲಿನ ಎತ್ತರಕ್ಕೆ, ಕೊನೆಯದು ಸೊಂಟದ ತನಕ. ಕೊನೆಯಲ್ಲಿ ಜಗ್ಗಿ ಜಗ್ಗಿ ಕುಲುಕಬಾರದು, ಹಾಗೆ ಮಾಡಿದರೆ ಸ್ನಾಯು ಹೆದರಿ ಇನ್ನಷ್ಟು ಬಿಗಿಯುತ್ತದೆ. ಮುಂದೆ ದೊಡ್ಡ ಹೆಜ್ಜೆ ಹಾಕಿ ಮಂಡಿ ಬಗ್ಗಿಸುತ್ತ ನಡೆಯುವುದು, ಅದನ್ನೇ ಅಡ್ಡಕ್ಕೆ ಮಾಡುವುದು. ಕೊನೆಗೆ ಎದುರಾಳಿ ಇಲ್ಲದೆ ಮೂರು ನಾಲ್ಕು ಸುಳ್ಳು ರೈಡು: ಮೊದಲನೆಯದು ಅರ್ಧ ವೇಗದಲ್ಲಿ, ಕೊನೆಯದು ಪೂರ್ತಿ ವೇಗದಲ್ಲಿ. ಒಟ್ಟು ಕಾಲು ಗಂಟೆ.

ಒಂದು ಕಡೆ ವಿಪರೀತ ಬಿಗಿ ಇರುವವನು ನಡುವೆ ಹದಿನೈದು ಇಪ್ಪತ್ತು ಸೆಕೆಂಡು ಸ್ಟ್ಯಾಟಿಕ್ ಮಾಡಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಅದರ ಬೆನ್ನಿಗೇ ಬೀಸು, ಓಟ ಇರಬೇಕು ಅಷ್ಟೆ. ನಿಜವಾದ ತಲೆನೋವು ಗಡಿಯಾರದ್ದು. ಬೆವರು ಬಂದ ಮೇಲೆ ಕಾಲು ಗಂಟೆ, ಇಪ್ಪತ್ತು ನಿಮಿಷ ಸುಮ್ಮನೆ ಕುಳಿತರೆ ಸ್ನಾಯುವಿನ ಬಿಸಿ ಬಹುಪಾಲು ಇಳಿಯುತ್ತದೆ, ಪುಷ್ಯದ ರಾತ್ರಿಯ ಮಂಜಿನಲ್ಲಿ ಇನ್ನೂ ಬೇಗ. ಅದಕ್ಕೇ ಮಾಸ್ಟ್ರು ಬ್ಯಾನರನ್ನು ನೋಡದೆ, ತಮ್ಮ ಮುಂಚಿನ ಪಂದ್ಯದ ಅರ್ಧವಿರಾಮ ನೋಡಿ ಹುಡುಗರನ್ನು ಎಬ್ಬಿಸುತ್ತಿದ್ದರು. ಧ್ವನಿವರ್ಧಕದವರು “ತಂಡಗಳು ಕೂಡಲೇ ಅಂಕಣಕ್ಕೆ ಬರಬೇಕು” ಎಂದು ಐದನೆಯ ಸಲ ಬೇಡಿಕೊಳ್ಳುವಾಗ ಏಳುವುದಲ್ಲ.

ಇನ್ನು ಸ್ಟ್ಯಾಟಿಕ್ಕಿನ ಜಾಗ ಪಂದ್ಯದ ನಂತರದ್ದು, ಆದರೆ ಆಗ ಯಾರಿಗೂ ಪುರುಸೊತ್ತಿಲ್ಲ. ಗೆದ್ದವರಿಗೆ ಫೋಟೋ, ಸೋತವರಿಗೆ ರೆಫ್ರಿ ಜೊತೆ ಚರ್ಚೆ. ಐದು ನಿಮಿಷ ನಡೆದು ಉಸಿರು ಹದಕ್ಕೆ ಬಂದ ಮೇಲೆ ಮೀನಖಂಡ, ತೊಡೆಯ ಹಿಂದು, ಮುಂದು, ಒಳಭಾಗ, ಒಂದೊಂದನ್ನೂ ಮೂವತ್ತು ಸೆಕೆಂಡಿನಂತೆ ಎರಡು ಸಲ ಹಿಡಿಯಬೇಕು. ಎಳೆತ ತಿಳಿಯಬೇಕು, ನೋವು ಬರಬಾರದು. ಸ್ನಾಯು ಬಿಸಿಯಾಗಿದೆ, ಇನ್ನು ನೆಗೆಯುವ ಕೆಲಸವೂ ಇಲ್ಲ, ಬಲ ಸ್ವಲ್ಪ ಇಳಿದರೂ ಚಿಂತೆಯಿಲ್ಲ. ವಾರಕ್ಕೆ ಮೂರು ನಾಲ್ಕು ದಿನ ಹೀಗೆ ಮಾಡಿದರೆ ತಿಂಗಳೆರಡರಲ್ಲಿ ಬೋನಸ್ ಗೆರೆಗೆ ಕಾಲು ಸಲೀಸಾಗಿ ಹೋಗುತ್ತದೆ. ಮರುದಿನದ ಮೈಕೈ ನೋವು ಮಾತ್ರ ಇದರಿಂದ ತಪ್ಪುವುದಿಲ್ಲ. ಆ ನೋವು ಲ್ಯಾಕ್ಟಿಕ್ ಆಸಿಡ್ಡಿನದ್ದಲ್ಲ, ಆ ಆಸಿಡ್ಡು ಒಂದೆರಡು ಗಂಟೆಯಲ್ಲೇ ಕರಗಿರುತ್ತದೆ. ನೋವು ಬರುವುದು ಎಳೆಗಳಲ್ಲಾದ ಸೂಕ್ಷ್ಮ ಗಾಯದಿಂದ. 2011ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಸ್ಟ್ರೆಚಿಂಗ್‌ನಿಂದ ಇಳಿಯುವ ನೋವು ನೂರು ಅಂಕದ ಅಳತೆಯಲ್ಲಿ ಹೆಚ್ಚೆಂದರೆ ನಾಲ್ಕು ಅಂಕ. ಅಷ್ಟನ್ನು ನಮ್ಮಲ್ಲಿ ಬಚ್ಚಲ ಹಂಡೆಯ ಬಿಸಿನೀರೇ ಇಳಿಸುತ್ತದೆಂದು ಅಜ್ಜಿಯಂದಿರು ಒಪ್ಪಿಬಿಟ್ಟಿದ್ದಾರೆ.

ಎಳೆಯಲೇಬಾರದ ಹೊತ್ತೂ ಒಂದಿದೆ. ಆ ರಾತ್ರಿ ಒಬ್ಬ ರೈಡರ್ ಕಾಲು ಚಾಚಿದವನು “ಅಬ್ಬೇ” ಎಂದು ಕುಸಿದ. ಕೂಡಲೇ ನಾಲ್ವರು ಹಿತೈಷಿಗಳು ಬಂದು ಅವನ ಕಾಲನ್ನು ನಾಲ್ಕು ದಿಕ್ಕಿಗೆ ಎಳೆಯತೊಡಗಿದರು. ಮೀನಖಂಡ ಗಂಟು ಕಟ್ಟಿಕೊಂಡ ಸೆಳೆತವಾಗಿದ್ದರೆ ಅದು ಸರಿಯಾದ ಔಷಧಿ, ಪಾದವನ್ನು ಮೇಲಕ್ಕೆ ಒತ್ತಿ ಹಿಡಿದರೆ ಗಂಟು ಬಿಡುತ್ತದೆ. ಇವನಿಗೆ ತೊಡೆಸಂದಿಯ ಒಂದೇ ಚುಕ್ಕೆಯಲ್ಲಿ ಚುಚ್ಚಿದಂತಾಗಿತ್ತು, ಎಳೆದಷ್ಟೂ ಹೆಚ್ಚುತ್ತಿತ್ತು. ಅಂದರೆ ಎಳೆ ಹರಿದಿದೆ. “ಬಿಡಿ ಮಾರಾಯ್ರೆ ಅವನ ಕಾಲು!” ಎಂದು ಮಾಸ್ಟ್ರು ಎಲ್ಲರನ್ನೂ ಓಡಿಸಿ, ಕಬ್ಬಿನ ಹಾಲಿನ ಅಂಗಡಿಯಿಂದ ಐಸ್ ತರಿಸಿದರು. ಅಂಗಡಿಯವ ಐಸಿನೊಟ್ಟಿಗೆ ಎರಡು ಗ್ಲಾಸ್ ಕಬ್ಬಿನ ಹಾಲನ್ನೂ ಕಳಿಸಿದ್ದ. ಅದನ್ನು ಹಿತೈಷಿಗಳು ಕುಡಿದರು.