ಕ್ಯಾನು ಕಲೆಯಾಗುವ ಗುರುವಾರ: ತಿತಿಮತಿ ಸೀಮೆಯಿಂದ ಒಂದು ಕಲಾಮೀಮಾಂಸೆ

ಕಲೆ ಯಾವುದು ಎಂಬ ಪ್ರಶ್ನೆಗೆ ಪಶ್ಚಿಮದ ಪಂಡಿತರಲ್ಲಿ ಎರಡು ಪಂಗಡ. ಒಳಗಿನ ಭಾವ ರೂಪ ತಾಳಿ ಹೊರಬಂದರೆ ಅದೇ ಕಲೆ ಎನ್ನುವುದು ಅಭಿವ್ಯಕ್ತಿವಾದ. 1938ರಲ್ಲಿ ಇದನ್ನು ಹಟ ಹಿಡಿದು ವಾದಿಸಿದವನು ಇಂಗ್ಲೆಂಡಿನ ಕಾಲಿಂಗ್‌ವುಡ್. ಭಾವ ಗೀವ ಬೇಡ, ಕಲಾಲೋಕದ ಪರವಾಗಿ ಯಾರಾದರೂ ಒಂದು ವಸ್ತುವಿಗೆ ‘ಆಸ್ವಾದನೆಯ ಉಮೇದುವಾರ’ ಎಂಬ ಪದವಿ ಕೊಟ್ಟರೆ ಸಾಕು ಎನ್ನುವುದು ಸಂಸ್ಥಾವಾದ. 1974ರ ಪುಸ್ತಕದಲ್ಲಿ ಇದಕ್ಕೆ ಪಟ್ಟ ಕಟ್ಟಿದವನು ಅಮೆರಿಕದ ಜಾರ್ಜ್ ಡಿಕಿ. ಎರಡನ್ನೂ ಕೊಡಗಿನ ತಿತಿಮತಿಯಲ್ಲಿ ಪರೀಕ್ಷಿಸಿದವರು ಈವರೆಗೆ ಇಲ್ಲದ ಕಾರಣ, ಈ ಸಂಶೋಧಕ ಸ್ವಂತ ಖರ್ಚಿನಲ್ಲಿ ಬಸ್ಸು ಹತ್ತಿದ.

ಮೊದಲು ಕಣ್ಣಿಗೆ ಬಿದ್ದದ್ದು ರೈಲು ಹಳಿ. ಕೊಡಗಿಗೆ ರೈಲು ಬಂದಿಲ್ಲ, ಹಳಿ ಬಂದಿದೆ: ಆನೆ ತೋಟಕ್ಕೆ ನುಗ್ಗದಿರಲೆಂದು ಕಾಡಂಚಿನಲ್ಲಿ ಹಳೆಯ ಹಳಿಗಳ ಬೇಲಿ. ತನ್ನ ಊರು ಬಿಟ್ಟು ಬಂದ ವಸ್ತು, ಥೇಟ್ ಡ್ಯೂಶಾಂಪನ ಮೂತ್ರಪಾತ್ರೆಯಂತೆ ಎಂದು ಹಿಗ್ಗಿದೆ. ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ. 1917ರಲ್ಲಿ ಆತ ಪಾತ್ರೆಯನ್ನು ಮಲಗಿಸಿ ಅದರ ಉಪಯೋಗವನ್ನೇ ಕಿತ್ತುಹಾಕಿದ್ದ. ಇಲ್ಲಿ ಹಳಿ ಒಂದು ನೌಕರಿ ಬಿಟ್ಟು ಇನ್ನೊಂದಕ್ಕೆ ಸೇರಿದೆ, ಅಷ್ಟೆ. ವರ್ಗಾವಣೆಯೆಲ್ಲ ಕಲೆಯಾದರೆ ಸರಕಾರಿ ಕಚೇರಿಗಳೇ ದೊಡ್ಡ ಗ್ಯಾಲರಿಗಳಾಗಬೇಕಿತ್ತು.

ಎರಡನೆಯದು ಕಾಫಿ ಬುಡ. ಮುದಿ ಗಿಡ ಕಿತ್ತು, ಸಿಪ್ಪೆ ಸುಲಿದು, ಬೇರು ಮೇಲಾಗಿ ನಿಲ್ಲಿಸಿ ಪಾಲಿಶ್ ಹೊಡೆದು ಗಾಜು ಇಟ್ಟರೆ ಟೀಪಾಯಿ. ಆದರೆ ಏನೂ ಮಾಡದ ಬುಡ? ನೀರಲ್ಲಿ ತೇಲಿಬಂದ ಕೊರಡನ್ನು ಎತ್ತಿ ತಂದು ಗೋಡೆಗೆ ತೂಗುಹಾಕಿದರೆ ಅದಕ್ಕೆ ಕೃತಿಯ ಪದವಿಯೂ ಬರುತ್ತದೆ ಎಂದು ಡಿಕಿ ಮೊದಲು ಹೇಳಿದ್ದ. ಈ ಬಲದ ಮೇಲೆ, ನಾನು ಉಳಿದಿದ್ದ ಮನೆಯ ಸೌದೆ ರಾಶಿಯಿಂದ ಒಂದು ಬುಡ ಎಳೆದು, ಜಗಲಿಯ ಸ್ಟೂಲಿನ ಮೇಲಿಟ್ಟು, ಕಲಾಲೋಕದ ಪರವಾಗಿ ಪದವಿ ಪ್ರದಾನ ಮಾಡಿದೆ. ಮನೆಯ ಅಜ್ಜಿ ಎರಡು ಸುತ್ತು ನೋಡಿ, “ಒಣಗಿದೆಯಲ್ಲ ಮಗ, ಇಲ್ಲಿ ಯಾಕೆ ಇಟ್ಟೆ?” ಎಂದರು. ಸಂಜೆ ಆ ಕೃತಿ ಹಂಡೆಯ ನೀರು ಕಾಯಿಸಿ ನನ್ನ ಬೆನ್ನ ಮೇಲೆಯೇ ಸುರಿಯಿತು. 1984ರ ಹೊತ್ತಿಗೆ ಡಿಕಿ ಆ ಮಾತನ್ನು ಹಿಂತೆಗೆದುಕೊಂಡದ್ದು, ಕೃತಿತ್ವವನ್ನು ದಯಪಾಲಿಸಲಾಗದು, ಏನಾದರೂ ಮಾಡಿಯೇ ಗಳಿಸಬೇಕು ಎಂದದ್ದು, ಬಹುಶಃ ಇಂಥದೇ ಸ್ನಾನದ ಬಳಿಕ.

ನಿಜವಾದ ಪರೀಕ್ಷೆ ನಡೆದದ್ದು ಮೇ ತಿಂಗಳ ನಾಲ್ಕನೇ ಗುರುವಾರ, ಕುಂಡೆ ಹಬ್ಬದಂದು. ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯದವರು ಅಂದು ವೇಷ ಹಾಕುತ್ತಾರೆ. ಗಂಡಸರು ಸೀರೆಯುಟ್ಟು, ಸೋರೆ ಬುರುಡೆ, ಪ್ಲಾಸ್ಟಿಕ್ ಕ್ಯಾನು, ಡಬ್ಬಗಳನ್ನು ಬಡಿಯುತ್ತ, ಎದುರಾದವರನ್ನೆಲ್ಲ ಬೈಯುತ್ತ, ಕಾಸು ಕೇಳುತ್ತ ದೇವರಪುರದ ಗುಡಿಯತ್ತ ಹೋಗುತ್ತಾರೆ. ಬೈಗುಳದ ದೊಡ್ಡ ಪಾಲು ದೇವರಿಗೇ. ಬೇಟೆಗೆ ಕರೆದುಕೊಂಡು ಹೋದ ಅಯ್ಯಪ್ಪ, ಭದ್ರಕಾಳಿ ಕಂಡದ್ದೇ ತಮ್ಮನ್ನು ಕಾಡಲ್ಲಿ ಬಿಟ್ಟು ಅವಳ ಹಿಂದೆ ಹೋದ ಎಂಬುದು ತಕರಾರು.

ಕ್ಯಾನಿನ ಕಡೆ ನೋಡಿ. ನಿನ್ನೆ ಅದು ನೀರಿನ ಕ್ಯಾನು, ಇಂದು ವಾದ್ಯ. ತಾರೀಕು ಗೊತ್ತು, ಜಾಗ ಗೊತ್ತು, ಬೈಯುವವನಿಗೂ ಬೈಸಿಕೊಳ್ಳುವವನಿಗೂ ಕಟ್ಟಳೆ ಗೊತ್ತು. ಕಲಾಲೋಕ ಎಂದು ಡಿಕಿ ಬಯಸಿದ್ದು ಇದನ್ನೇ, ಕ್ಯೂರೇಟರ್ ಸಂಬಳವೊಂದು ಇಲ್ಲ. ಸಂಸ್ಥಾವಾದಕ್ಕೆ ಪೂರ್ಣಾಂಕ.

ಕಾಲಿಂಗ್‌ವುಡ್‌ನನ್ನು ಕೇಳಿದರೆ ಫೇಲು ಮಾಡುತ್ತಾನೆ. ಅವನ ಲೆಕ್ಕದಲ್ಲಿ, ಯಾವ ಭಾವ ಎಬ್ಬಿಸಬೇಕೆಂದು ಮೊದಲೇ ಗೊತ್ತಿದ್ದು, ಬಾಳಿನ ಉಪಯೋಗಕ್ಕೆ ಅದನ್ನು ಎಬ್ಬಿಸುವುದು ‘ಮಾಂತ್ರಿಕ’. ನಿಜವಾದ ಕಲೆಗಾರನಿಗೆ ತನ್ನ ಭಾವ ಏನೆಂಬುದು ಹೇಳಿ ಮುಗಿಸುವ ತನಕ ತನಗೇ ತಿಳಿದಿರದು. ವರ್ಷವರ್ಷವೂ ಅದೇ ದೇವರಿಗೆ ಅದೇ ಬೈಗುಳ ಎಂದರೆ ಮಂತ್ರವೇ ಸರಿ ಎಂದು ನಾನೂ ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸೀರೆಯುಟ್ಟ ಒಬ್ಬ ನನ್ನ ಮುಂದೆ ನಿಂತ. ನಾನು ಕೊಟ್ಟದ್ದು ಹತ್ತು ರೂಪಾಯಿ. ಆತ ನೋಟು ನೋಡಿದ, ನನ್ನ ಪುಸ್ತಕ ನೋಡಿದ, ಕನ್ನಡಕ ನೋಡಿದ. ಒಂದು ಗಳಿಗೆ ಕ್ಯಾನು ಸುಮ್ಮನಾಯಿತು. ಆಮೇಲೆ ಬಂದ ಬೈಗುಳದಲ್ಲಿ ಪೆನ್ನು, ಕನ್ನಡಕ, ನನ್ನ ಹಿಂಭಾಗ ಮೂರೂ ಒಂದೇ ಉಸಿರಿನಲ್ಲಿ ಕೂಡಿಕೊಂಡಿದ್ದವು. ಬಾಯಿಂದ ಬಿದ್ದದ್ದು ಕೇಳಿ ಆತನೇ ಮೊದಲು ನಕ್ಕ. ಯಾವ ಹಬ್ಬದಲ್ಲೂ ಅದು ಮೊದಲು ಹುಟ್ಟಿರಲಿಕ್ಕಿಲ್ಲ. ಅದನ್ನು ಇಲ್ಲಿ ಅಚ್ಚುಹಾಕಲಾಗದಿರುವುದು ಕನ್ನಡ ವಿಮರ್ಶೆಗೆ ನಷ್ಟ. ಇಪ್ಪತ್ತು ಕೊಟ್ಟೆ.

ಶುಕ್ರವಾರ ಬೆಳಿಗ್ಗೆ ನಲ್ಲಿಯ ಬಳಿ ಕ್ಯಾನುಗಳು ಸಾಲಾಗಿ ನಿಂತಿದ್ದವು. ಪದವಿ ಕೊಡುವುದು ಹೇಗೆಂದು ಡಿಕಿ ಬರೆದಿದ್ದಾನೆ, ರಾಜೀನಾಮೆ ಹೇಗೆಂದು ಬರೆದಿಲ್ಲ. ಪಕ್ಕೆ ಜಜ್ಜಿದ್ದ ಒಂದನ್ನು ಬೆರಳಲ್ಲಿ ತಟ್ಟಿ ಕಿವಿಗೊಟ್ಟೆ.

“ಸ್ವಲ್ಪ ಸರೀರಿ,” ಎಂದಳು ಹಿಂದೆ ನಿಂತವಳು, “ನೀರು ನಿಂತುಬಿಡುತ್ತೆ.”