ಆರೂಕಾಲಿನ ಅಮ್ಮ, ಏಳರ ಜೋಗುಳ

ನ್ಯೂಜೆರ್ಸಿಯಲ್ಲಿ ಏಳು ತಿಂಗಳ ಮಗುವಿಗೆ ಸಂಜೆ ಅನ್ನುವುದು ಹೆಸರಿಗಷ್ಟೇ. ಡೇಕೇರ್‌ನಲ್ಲಿ ನಾಲ್ಕಕ್ಕೆ ಕೊನೆಯ ನಿದ್ದೆಯಿಂದ ಎದ್ದರೆ ಆ ವಯಸ್ಸಿಗೆ ಮತ್ತೆ ಎರಡೂವರೆ, ಹೆಚ್ಚೆಂದರೆ ಮೂರು ಗಂಟೆ ಎಚ್ಚರ. ಅಂದರೆ ಏಳಕ್ಕೆ ಮಲಗಲೇಬೇಕು. ಬಾಣಂತನದ ರಜೆ ಮುಗಿಸಿದ ನಾನು ನ್ಯೂಯಾರ್ಕಿನ ರೈಲಿಳಿದು ಮನೆ ಸೇರುವುದು ಆರೂಕಾಲಿಗೆ. ಮುದ್ದಿಗೂ ನಿದ್ದೆಗೂ ಸೇರಿ ಸಿಕ್ಕಿದ್ದು ಮುಕ್ಕಾಲು ಗಂಟೆ.

ಅದಕ್ಕೂ ಪಾಲುದಾರರುಂಟು. ಇಲ್ಲಿ ಬೇಸಿಗೆಯ ಸಂಜೆ ಏಳು ಅಂದರೆ ಮೈಸೂರಿನಲ್ಲಿ ಬೆಳಗಿನ ಜಾವ ನಾಲ್ಕೂವರೆ. ನಮ್ಮತ್ತೆ ಡಿಕಾಕ್ಷನ್‌ಗೆ ನೀರಿಟ್ಟು, ಕೂಸಿನ ರೆಪ್ಪೆ ಮುಚ್ಚುವ ಹೊತ್ತಿಗೆ ಸರಿಯಾಗಿ ವಿಡಿಯೋ ಕಾಲ್ ಮಾಡುತ್ತಾರೆ: "ಎಲ್ಲಿ ನಮ್ಮ ಪುಟ್ಟಾ? ತಾತಂಗೆ ಟಾಟಾ ಮಾಡು!" ತಾತ ಆಚೆ ಕಡೆ ಗೊರಕೆ ಹೊಡೆಯುತ್ತಿರುತ್ತಾರೆ.

ಇನ್ನು ನಮ್ಮನೆಯವರು. ಮಗುವನ್ನು ಮೇಲಕ್ಕೆ ಹಾರಿಸಿ ಹಿಡಿದು, "ನೋಡೇ, ಕೇಕೆ ಹಾಕ್ತಿದ್ದಾನೆ. ಇವನಿಗೆ ನಿದ್ದೇನೇ ಬಂದಿಲ್ಲ!" ಆದರೆ ಆ ಕೇಕೆಯ ನಡುವೆಯೇ ಕಿವಿ ಎಳೆದುಕೊಳ್ಳುತ್ತಾನೆ, ಕಣ್ಣುಜ್ಜುತ್ತಾನೆ. ಅದು ನಿದ್ದೆಗೆಟ್ಟವನ ಕೇಕೆ. ಇನ್ನೊಂದು ಹತ್ತು ನಿಮಿಷಕ್ಕೆ ಕಾಲೊದ್ದು ಅಳು. ಎಂಟೂವರೆಗೆ ಮಲಗಿದವನು ಬೆಳಿಗ್ಗೆ ತಡವಾಗಿ ಏಳುತ್ತಾನೆಂದು ನಂಬಿದವರು ಮಕ್ಕಳನ್ನು ಸಾಕಿದವರಲ್ಲ. ಐದೂವರೆಗೇ ಎದ್ದು ಕೂರುತ್ತಾನೆ.

ಹಾಗಾಗಿ ಆಟವನ್ನು ಭಾನುವಾರಕ್ಕೆ ತಳ್ಳಿ, ಮುದ್ದನ್ನೆಲ್ಲ ಮಲಗಿಸುವ ಕೆಲಸದೊಳಗೇ ತುಂಬಿದೆ. ಆರೂಕಾಲಿಗೆ ಫೋನು ಚಪ್ಪಲಿ ಗೂಡಿಗೆ. ಕೈತೊಳೆದು ಸೀದಾ ಮಗುವಿನ ಹತ್ತಿರ. ಅಡುಗೆಮನೆಯತ್ತ ತಿರುಗಿಯೂ ನೋಡುವುದಿಲ್ಲ, ಅಲ್ಲಿ ಭಾನುವಾರದ ಹುಳಿ ಫ್ರಿಜ್ಜಿನಲ್ಲಿ ಕಾಯುತ್ತಿದೆ. ಉಗುರು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಸ್ನಾನ. ಆಮೇಲೆ ಅಂಗಾಲಿಗೆ ಕೊಬ್ಬರಿ ಎಣ್ಣೆ. ಆಗ ಅವನು ನನ್ನ ಮುಖವನ್ನೇ ನೋಡುತ್ತಾನೆ, ನಾನು ಆಫೀಸಿನ ಚಾಡಿಯನ್ನೆಲ್ಲ ಹೇಳುತ್ತೇನೆ, ಯಾರಿಗೂ ಬಾಯಿಬಿಡದ ಶ್ರೋತೃ. ದೀಪ ತಗ್ಗಿಸಿ ಹಾಲು, ಹಾಲಾದ ಮೇಲೆ ಜೋಗುಳ. ಈ ಕ್ರಮ ಮಾತ್ರ ತಿರುಗಬಾರದು: ಹಾಲು ಕುಡಿಯುತ್ತಲೇ ನಿದ್ದೆಹೋದರೆ ನಡುರಾತ್ರಿ ಎಚ್ಚರವಾದಾಗಲೂ ಅದೇ ಬೇಕೆಂದು ಹಟ. ತೂಕಡಿಸುತ್ತಿರುವಾಗಲೇ ತೊಟ್ಟಿಲಿಗೆ.

ರೈಲು ತಡವಾದ ದಿನ ನನಗಾಗಿ ಕಾಯುವಂತಿಲ್ಲ. ಅಪ್ಪನೇ ಮಲಗಿಸಬೇಕು, ಹಾರಿಸದೆ. ನನ್ನ ಪಾಲು ಮಾರನೆಯ ಬೆಳಗಿನ ಹಾಲಿಗೆ ಹೋಗುತ್ತದೆ. ಅತ್ತೆಯವರ ಕಾಲ್ ಕೂಡ ಬೆಳಿಗ್ಗೆ ಆರಕ್ಕೇ. ಅಲ್ಲಿ ಮಧ್ಯಾಹ್ನ ಮೂರೂವರೆ, ಕಾಫಿಯ ಹೊತ್ತು, ತಾತನೂ ಎದ್ದಿರುತ್ತಾರೆ.

ನವೆಂಬರಿನ ಮೊದಲ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ. ಮಗುವಿಗೆ ಅದನ್ನು ಯಾರು ಹೇಳಬೇಕು? ಆರಕ್ಕೇ ಆಕಳಿಕೆ, ನಾನಿನ್ನೂ ರೈಲಿನಲ್ಲಿ. ಹಾಗಾಗಿ ಅದಕ್ಕೆ ನಾಲ್ಕು ದಿನ ಮೊದಲಿನಿಂದಲೇ ದಿನಕ್ಕೆ ಕಾಲು ಗಂಟೆಯಂತೆ ನಿದ್ದೆಯನ್ನು ಮುಂದೂಡುತ್ತ ಬರಬೇಕು. ಅತ್ತೆಗೆ ವಿವರಿಸಿದೆ. "ಅಂದ್ರೆ ಇನ್ನುಮೇಲೆ ನಾಲ್ಕೂವರೆಗೆ ಕಾಫಿ ಕುಡೀಬೇಕಾ? ನಿಮ್ಮ ಅಮೆರಿಕಾದವರು ಮೊದಲು ನಮ್ಮನ್ನು ಒಂದು ಮಾತು ಕೇಳ್ಬಾರದಾ?"